ಕಾಲುಪಾಲಿನ ತಡೆ

ಶ್ರಾವಣ ಭಾದ್ರಪದಗಳು ಬಂದುವೆಂದರೆ ಕಂಪೆನಿಗಳ ವಾರ್ಷಿಕ ಮಹಾಸಭೆಗಳ ಕಾಲ. ಮಾರ್ಚಿ ತಿಂಗಳಿಗೆ ವರ್ಷವನ್ನು ಮುಗಿಸುವ ಕಂಪೆನಿಗಳೆಲ್ಲವೂ ಸೆಪ್ಟೆಂಬರು ಕಳೆಯುವುದರೊಳಗೆ ತಮ್ಮ ಷೇರುದಾರರ ಮುಂದೆ ನಿಂತು ಲೆಕ್ಕವೊಪ್ಪಿಸಬೇಕೆಂದು ಕಾನೂನು ವಿಧಿಸಿದೆ. ನಮ್ಮ ತ್ಯಾಮಗೊಂಡ್ಲುವಿನಂಥ ಸಣ್ಣ ಊರಿನಲ್ಲಿಯೂ ಹತ್ತಾರು ಷೇರುಗಳನ್ನಿಟ್ಟುಕೊಂಡವರು ಇಂದು ಅಪೂರ್ವರಲ್ಲ. ದಾಬಸ್‌ಪೇಟೆಯ ಕಡೆ ಕಾರ್ಖಾನೆಗಳೆದ್ದ ಮೇಲೆ ಅಣ್ಣತಮ್ಮಂದಿರು ಸೇರಿ ನಡೆಸುವ ಖಾಸಗಿ ಕಂಪೆನಿಗಳೂ ನಮ್ಮ ಸುತ್ತಮುತ್ತ ಕಾಣುತ್ತಿವೆ. ಇವರೆಲ್ಲರಿಗೂ ಸಭೆಯ ತಿಳಿವಳಿಕೆ ಪತ್ರವು ಬರುತ್ತದೆ. ಅದರಲ್ಲಿ ಒಂದು ನಿರ್ಣಯದ ತಲೆಯಮೇಲೆ ‘ಸಾಮಾನ್ಯ ನಿರ್ಣಯ’ವೆಂದೂ ಇನ್ನೊಂದರ ಮೇಲೆ ‘ವಿಶೇಷ ನಿರ್ಣಯ’ವೆಂದೂ ಬರೆದಿರುತ್ತದೆ. ಬಹುಮಂದಿ ಇದನ್ನು ವಕೀಲರ ಪರಿಭಾಷೆಯೆಂದು ಭಾವಿಸಿ ಪತ್ರವನ್ನು ಮಡಿಚಿಡುತ್ತಾರೆ. ಸಣ್ಣ ಷೇರುದಾರನಿಗೆ ಕಾನೂನು ಕೊಟ್ಟಿರುವ ಅತಿ ಬಲವಾದ ಆಯುಧವು ಈ ಎರಡು ಪದಗಳ ನಡುವಣ ಅಂತರದಲ್ಲಿದೆಯೆಂಬುದು ಅವರಿಗೆ ತಿಳಿಯದು.

ಲೆಕ್ಕವು ಕಠಿನವಾದುದಲ್ಲ. 2013ರ ಕಂಪೆನಿಗಳ ಶಾಸನದ 114ನೆಯ ಕಲಮಿನಂತೆ, ಪರವಾಗಿ ಬಿದ್ದ ಮತಗಳು ವಿರೋಧವಾಗಿ ಬಿದ್ದ ಮತಗಳಿಗಿಂತ ಒಂದಾದರೂ ಹೆಚ್ಚಾಗಿದ್ದರೆ ಸಾಮಾನ್ಯ ನಿರ್ಣಯವು ಅಂಗೀಕೃತವಾಯಿತು. ವಿಶೇಷ ನಿರ್ಣಯಕ್ಕೆ ಇಷ್ಟು ಸಾಲದು. ಪರವಾದ ಮತಗಳು ವಿರೋಧದ ಮತಗಳ ಮೂರರಷ್ಟಕ್ಕೆ ಕಡಿಮೆಯಾಗಬಾರದು. ಎಂದರೆ ನೂರರಲ್ಲಿ 75 ಪರವಾಗಿ 25 ವಿರೋಧವಾಗಿ ಬಿದ್ದರೆ ನಿರ್ಣಯವು ಗೆದ್ದಿತು. ವಿರೋಧವು 26 ಆಯಿತೋ, ಬಿದ್ದುಹೋಯಿತು. ಇಲ್ಲಿ ವಾಚಕರು ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಈ ನೂರು ಎಂಬುದು ಕಂಪೆನಿಯ ಒಟ್ಟು ಷೇರುಗಳಲ್ಲ, ಮತವಾಗಿ ನಿಜವಾಗಿ ಚಲಾಯಿತವಾದ ಷೇರುಗಳು ಮಾತ್ರ. ಮನೆಯಲ್ಲಿ ಕುಳಿತವನನ್ನೂ, ಸಭೆಗೆ ಬಂದು ಸುಮ್ಮನಿದ್ದವನನ್ನೂ ಕಾನೂನು ಎಣಿಕೆಗೇ ತೆಗೆದುಕೊಳ್ಳದು. ‘ನಾನು ಒಪ್ಪಲಿಲ್ಲ, ಆದುದರಿಂದ ಮತ ಹಾಕಲಿಲ್ಲ’ವೆಂದು ಹೇಳುವವರು ತಮ್ಮ ಅಸಮ್ಮತಿಯನ್ನು ಯಾರಿಗೂ ತಿಳಿಸಿದಂತಾಗಲಿಲ್ಲ, ವಿಶೇಷ ನಿರ್ಣಯದ ವಿಷಯದಲ್ಲಂತೂ ಅವರು ಎದುರಾಳಿಯ ಹೊರೆಯನ್ನು ಹಗುರಮಾಡಿದರು. ಏಕೆಂದರೆ ವಿರೋಧದ ಒಂದು ಮತವನ್ನು ಸರಿದೂಗಿಸಲು ಪರದವರು ಮೂರು ಮತಗಳನ್ನು ತರಬೇಕಾಗಿದ್ದಿತು.

ಈ ಮುಕ್ಕಾಲು ಪಾಲಿನ ನಿಯಮವು ಹೊಸದಲ್ಲ. 1913ರ ಇಂಡಿಯನ್ ಕಂಪೆನಿ ಶಾಸನದಲ್ಲಿಯೇ ಇದು ಇದ್ದಿತು. ಆಗ ವಿಶೇಷ ನಿರ್ಣಯವನ್ನು ಒಂದು ಸಭೆಯಲ್ಲಿ ಅಂಗೀಕರಿಸಿದರೆ ಸಾಲದೆ, ಕೆಲವು ದಿನಗಳ ಅನಂತರ ಎರಡನೆಯ ಸಭೆಯನ್ನು ಕರೆದು ಸ್ಥಿರಪಡಿಸಬೇಕಾಗಿದ್ದಿತು. ಒಮ್ಮೆ ಆವೇಶದಲ್ಲಿ ಒಪ್ಪಿದುದನ್ನು ಸಮಾಧಾನದಲ್ಲಿ ಮರಳಿ ನೋಡಲೆಂಬುದೇ ಅದರ ಉದ್ದೇಶ. 1936ರ ತಿದ್ದುಪಡಿಯು ಆ ಎರಡನೆಯ ಸಭೆಯನ್ನು ತೆಗೆದುಹಾಕಿತು. ಮುಕ್ಕಾಲು ಪಾಲು ಮಾತ್ರ 1956ರ ಶಾಸನದಲ್ಲಿಯೂ ಈಗಿನದರಲ್ಲಿಯೂ ನಿಂತಿದೆ.

ಮುಂದೆ ಹೋಗುವುದಕ್ಕೆ ಮುನ್ನ ಒಂದು ತೊಡಕನ್ನು ಬಿಡಿಸಬೇಕು. ‘ವಿಶೇಷ’ವೆಂಬ ಪದವನ್ನು ಕಾನೂನು ಮೂರು ಕಡೆ ಮೂರು ಅರ್ಥದಲ್ಲಿ ಬಳಸಿದೆ, ಬಲ್ಲವರೂ ಇಲ್ಲಿ ಎಡವುವುದುಂಟು. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರಗಳ ಅಂಗೀಕಾರ, ಡಿವಿಡೆಂಡು, ಸರದಿಯಂತೆ ನಿವೃತ್ತರಾಗುವ ಡೈರೆಕ್ಟರುಗಳ ಸ್ಥಾನಕ್ಕೆ ನೇಮಕ, ಲೆಕ್ಕಪರಿಶೋಧಕರ ನೇಮಕ ಮತ್ತು ಸಂಭಾವನೆ, ಈ ನಾಲ್ಕನ್ನು ಬಿಟ್ಟು ಮಿಕ್ಕ ಯಾವ ಕೆಲಸವಾದರೂ ‘ವಿಶೇಷ ಕಾರ್ಯ’ವೆನಿಸುತ್ತದೆ. ಹಾಗೆಂದ ಮಾತ್ರಕ್ಕೆ ಅದಕ್ಕೆ ವಿಶೇಷ ನಿರ್ಣಯ ಬೇಕೆಂದಲ್ಲ. ಅದರ ಕಾರಣಗಳನ್ನೂ, ಡೈರೆಕ್ಟರುಗಳಿಗೆ ಅದರಲ್ಲಿರುವ ಸ್ವಾರ್ಥವನ್ನೂ ವಿವರಿಸುವ ಹೇಳಿಕೆಯೊಂದನ್ನು ತಿಳಿವಳಿಕೆ ಪತ್ರದ ಜೊತೆಗೆ ಕಳುಹಿಸಬೇಕೆಂದಷ್ಟೇ ಅರ್ಥ. ‘ವಿಶೇಷ ನೋಟೀಸು’ ಎಂಬುದು ಇನ್ನೊಂದು. ಇದನ್ನು ಕಂಪೆನಿಯು ಸದಸ್ಯನಿಗೆ ಕೊಡುವುದಲ್ಲ, ಸದಸ್ಯನು ಕಂಪೆನಿಗೆ ಸಭೆಗೆ ಹದಿನಾಲ್ಕು ದಿನ ಮುಂಚಿತವಾಗಿ ಕೊಡತಕ್ಕದ್ದು. ಅವಧಿ ಮುಗಿಯುವ ಮುನ್ನ ಡೈರೆಕ್ಟರೊಬ್ಬನನ್ನು ತೆಗೆಯಬೇಕಾದರೆ ಇಂಥ ನೋಟೀಸು ಅವಶ್ಯಕ. ಆದರೆ ತೆಗೆಯುವ ನಿರ್ಣಯವು ಸಾಮಾನ್ಯ ನಿರ್ಣಯವೇ! ಡೈರೆಕ್ಟರನನ್ನು ಮನೆಗೆ ಕಳುಹಿಸುವುದು ಅರ್ಧಕ್ಕಿಂತ ಒಂದು ಮತ ಹೆಚ್ಚಿರುವವರ ಕೈಯ ಕೆಲಸ. ಎರಡನೆಯ ಅವಧಿಗೆ ನೇಮಕಗೊಂಡ ಸ್ವತಂತ್ರ ಡೈರೆಕ್ಟರನೊಬ್ಬನ ವಿಷಯದಲ್ಲಿ ಮಾತ್ರ ವಿಶೇಷ ನಿರ್ಣಯ ಬೇಕು.

ಹಾಗಾದರೆ ಯಾವುದಕ್ಕೆ ಅರ್ಧ, ಯಾವುದಕ್ಕೆ ಮುಕ್ಕಾಲು? ಶಾಸನದ ಕಲಮುಗಳನ್ನು ಒಂದೊಂದಾಗಿ ಪಠಿಸುವ ಅಗತ್ಯವಿಲ್ಲ. ಅವುಗಳ ಹಿಂದಿರುವ ಭಾವವನ್ನು ಹಿಡಿದರೆ ಸಾಕು. ಕಂಪೆನಿಯನ್ನು ದಿನದಿನಕ್ಕೆ ನಡೆಸುವ ಮಾತುಗಳು ಅರ್ಧದವರ ಪಾಲು. ಷೇರುದಾರನು ಹಣ ಹೂಡಿದಾಗ ನಂಬಿದ್ದ ಕರಾರನ್ನೇ ಬದಲಾಯಿಸುವ ಮಾತುಗಳು ಮುಕ್ಕಾಲಿನವರ ಪಾಲು. ಕಂಪೆನಿಯ ಹೆಸರು, ಅದು ಕೈಕೊಂಡ ಉದ್ದೇಶ, ಅದರ ಒಳನಿಯಮಾವಳಿ, ಇವುಗಳ ಬದಲಾವಣೆಗೆ ವಿಶೇಷ ನಿರ್ಣಯ ಬೇಕು. ಹೊಸ ಷೇರುಗಳನ್ನು ಹಳೆಯ ಸದಸ್ಯರಿಗೆ ಅವರವರ ಪಾಲಿನಂತೆ ಕೊಡುವುದಕ್ಕೆ ಬೇಕಿಲ್ಲ. ಅವರನ್ನು ಬದಿಗಿಟ್ಟು ತಮಗೆ ಬೇಕಾದವರಿಗೆ ಕೊಡುವುದಕ್ಕೆ ಬೇಕು. ಬಂಡವಾಳವನ್ನು ತಗ್ಗಿಸುವುದಕ್ಕೆ ವಿಶೇಷ ನಿರ್ಣಯದ ಮೇಲೆ ನ್ಯಾಯಮಂಡಳಿಯ ಒಪ್ಪಿಗೆಯೂ ಬೇಕು. ನಮ್ಮೂರಿಗೇ ಹತ್ತಿರದ ಉದಾಹರಣೆಯೊಂದಿದೆ: ತ್ಯಾಮಗೊಂಡ್ಲುವಿನಲ್ಲಿ ನೋಂದಾಯಿತ ಕಚೇರಿಯಿರುವ ಕಂಪೆನಿಯೊಂದು ಅದನ್ನು ಇನ್ನೊಂದು ಬೀದಿಗೆ ಸಾಗಿಸಲು ಡೈರೆಕ್ಟರುಗಳ ತೀರ್ಮಾನವೇ ಸಾಕು, ಊರಿನ ಎಲ್ಲೆಯನ್ನು ದಾಟಿ ಬೆಂಗಳೂರಿಗೆ ಒಯ್ಯಬೇಕಾದರೆ ಷೇರುದಾರರ ವಿಶೇಷ ನಿರ್ಣಯವಾಗಬೇಕು. ಕಚೇರಿಯು ದೂರ ಹೋದರೆ ದಾಖಲೆಗಳನ್ನು ನೋಡುವ ಸದಸ್ಯನ ಹಕ್ಕೂ ದೂರ ಹೋಗುತ್ತದೆಂಬುದು ಶಾಸನಕರ್ತರಿಗೆ ತಿಳಿದಿದ್ದಿತು.

ಈ ಕಾಲುಪಾಲಿನ ತಡೆಯು ಕಾಗದದ ಮೇಲಿನ ಅಕ್ಷರವಷ್ಟೇ ಅಲ್ಲವೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಡೆದ ಘಟನೆಯೊಂದನ್ನು ವಾಚಕರ ಮುಂದಿಡುತ್ತೇವೆ. ಯುನೈಟೆಡ್ ಸ್ಪಿರಿಟ್ಸ್ ಕಂಪೆನಿಯು ವಿಜಯ ಮಲ್ಯರ ಮನೆತನದ ಆಡಳಿತದಲ್ಲಿದ್ದು, 2013ರಲ್ಲಿ ಇಂಗ್ಲೆಂಡಿನ ಡಿಯಾಜಿಯೋ ಸಂಸ್ಥೆಯ ಹತೋಟಿಗೆ ಬಂದಿತು. ಮಲ್ಯರಿಗೆ ಸಂಬಂಧಪಟ್ಟ ಬೇರೆಬೇರೆ ಕಂಪೆನಿಗಳ ಸಂಗಡ ಅದು ಮಾಡಿಕೊಂಡಿದ್ದ ಹಲವು ಕರಾರುಗಳು ಉಳಿದಿದ್ದುವು. ಅವುಗಳಲ್ಲಿ ದೊಡ್ಡದು ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ಗೆ ಕೊಟ್ಟ ಸುಮಾರು 1,337 ಕೋಟಿ ರೂಪಾಯಿಗಳ ಸಾಲ. ಒಂದೇ ಮನೆಯ ಎರಡು ಪೆಟ್ಟಿಗೆಗಳ ನಡುವೆ ಹಣವು ಓಡಾಡಿದರೆ, ಒಂದು ಪೆಟ್ಟಿಗೆಯಲ್ಲಿ ಮಾತ್ರ ಪಾಲಿರುವ ಹೊರಗಿನವನ ಗತಿಯೇನು? ಈ ಪ್ರಶ್ನೆಗಾಗಿಯೇ 2013ರ ಶಾಸನದ 188ನೆಯ ಕಲಮು ಹುಟ್ಟಿದುದು. ನಿಗದಿಯಾದ ಮಿತಿಯನ್ನು ಮೀರಿದ ಇಂಥ ಸಂಬಂಧಿಗಳ ವ್ಯವಹಾರಕ್ಕೆ ವಿಶೇಷ ನಿರ್ಣಯ ಬೇಕೆಂದೂ, ಸಂಬಂಧವುಳ್ಳ ಸದಸ್ಯನು ಆ ನಿರ್ಣಯಕ್ಕೆ ಮತ ಹಾಕಕೂಡದೆಂದೂ ಅದು ಆಗ ವಿಧಿಸಿತ್ತು. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯೂ 2014ರ ಅಕ್ಟೋಬರಿನಿಂದ ಪಟ್ಟಿಯಲ್ಲಿರುವ ಕಂಪೆನಿಗಳ ದೊಡ್ಡ ವ್ಯವಹಾರಗಳಿಗೆ ಇದೇ ನಿಯಮವನ್ನು ತಂದಿತ್ತು.

2014ರ ನವೆಂಬರು 28ರಂದು ಕಂಪೆನಿಯ ಅಸಾಧಾರಣ ಮಹಾಸಭೆಯು ಸೇರಿತು. ಮುಂದಿಟ್ಟ ಹನ್ನೆರಡು ನಿರ್ಣಯಗಳಲ್ಲಿ ಒಂಬತ್ತನ್ನು ಷೇರುದಾರರು ತಳ್ಳಿಹಾಕಿದರು. 1,337 ಕೋಟಿಯ ಸಾಲದ ಕರಾರು ಆ ಒಂಬತ್ತರಲ್ಲೊಂದು. ಸಂಬಂಧವುಳ್ಳವರು ಹೊರಗೆ ನಿಲ್ಲಬೇಕಾದಾಗ, ಯಾವಾಗಲೂ ಲೆಕ್ಕಕ್ಕಿಲ್ಲದವರಾಗಿದ್ದ ಹೊರಗಿನ ಹೂಡಿಕೆದಾರರ ಮಾತೇ ಕೊನೆಯ ಮಾತಾಯಿತು. ನಿರ್ಣಯವು ಬಿದ್ದ ಮಾತ್ರಕ್ಕೆ ಕೊಟ್ಟ ಹಣವು ಮರಳಿ ಬರಲಿಲ್ಲ, ಸರಿ. ಮತವು ಸಾಲ ವಸೂಲಿಯ ಯಂತ್ರವಲ್ಲ. ಆದರೆ ಷೇರುದಾರರ ಒಪ್ಪಿಗೆಯಿಲ್ಲದ ಕರಾರನ್ನು ಕಂಪೆನಿಯ ಕಡೆಯಿಂದ ರದ್ದುಪಡಿಸಲು ಶಾಸನವು ದಾರಿ ಕೊಟ್ಟಿದೆ. ಅಲ್ಲದೆ, ‘ಷೇರುದಾರರೇ ಒಪ್ಪಿದ್ದಾರೆ’ ಎಂಬ ಗುರಾಣಿಯು ಮಾಡಿದವರ ಕೈಗೆ ಸಿಕ್ಕಲಿಲ್ಲ. ಇದು ಸಣ್ಣ ಲಾಭವಲ್ಲ.

ಇದಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ ಕಾನೂನು ಸಡಿಲವಾಯಿತು. 2015ರ ತಿದ್ದುಪಡಿಯು 188ನೆಯ ಕಲಮಿನಲ್ಲಿದ್ದ ‘ವಿಶೇಷ’ವೆಂಬ ಒಂದು ಪದವನ್ನು ಅಳಿಸಿತು. ಆ ವರ್ಷ ಸೆಬಿಯು ಹೊರಡಿಸಿದ ನಿಯಮಗಳೂ ಅದೇ ಹೆಜ್ಜೆಯಲ್ಲಿ ನಡೆದುವು. ಈಗ ಸಂಬಂಧಿಗಳ ದೊಡ್ಡ ವ್ಯವಹಾರಕ್ಕೆ ಸಾಮಾನ್ಯ ನಿರ್ಣಯವು ಸಾಕು. ವ್ಯಾಪಾರವು ಸುಗಮವಾಗಬೇಕೆಂಬುದು ಇದಕ್ಕೆ ಕೊಟ್ಟ ಸಮರ್ಥನೆ. ಸಂಬಂಧವುಳ್ಳವನು ಮತ ಹಾಕಬಾರದೆಂಬ ಕಟ್ಟು ಪಟ್ಟಿಯಲ್ಲಿರುವ ಕಂಪೆನಿಗಳಿಗೆ ಈಗಲೂ ಇರುವುದರಿಂದ ರಕ್ಷಣೆಯು ಪೂರ್ತಿ ಹೋಯಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಮೊದಲು ಹೊರಗಿನವರಲ್ಲಿ ಕಾಲುಪಾಲಿಗಿಂತ ತುಸು ಹೆಚ್ಚು ಮಂದಿ ಎಚ್ಚೆತ್ತರೆ ಸಾಕಾಗಿದ್ದಿತು. ಈಗ ಅರ್ಧದಷ್ಟು ಮಂದಿ ಎಚ್ಚೆತ್ತಿರಬೇಕು. ಸಾವಿರ ಊರುಗಳಲ್ಲಿ ಚೆದರಿರುವ ಸಣ್ಣ ಷೇರುದಾರರನ್ನು ಒಂದು ಮಾತಿಗೆ ತರುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ ಈ ಕಾಲಿಗೂ ಅರ್ಧಕ್ಕೂ ಇರುವ ದೂರವು ಅರಿವಾಗುತ್ತದೆ. ಆ ಪದವನ್ನು ಅಳಿಸಿದುದು ಅವಸರದ ಕೆಲಸವೆಂದೇ ನಮ್ಮ ಅಭಿಪ್ರಾಯ. ಮುಗ್ಗರಿಸುತ್ತಿದ್ದ ಪ್ರಾಮಾಣಿಕ ವ್ಯಾಪಾರಿಗಾಗಿ ಮಿತಿಯನ್ನು ಮೇಲಕ್ಕೆ ಸರಿಸಬಹುದಾಗಿದ್ದಿತು, ತಡೆಯನ್ನೇ ತಗ್ಗಿಸಬೇಕಾಗಿರಲಿಲ್ಲ.

ಅರ್ಧಕ್ಕೂ ಮುಕ್ಕಾಲಿಗೂ ನಡುವೆ ಬಿದ್ದ ನಿರ್ಣಯವೆಂಥದೆಂಬುದನ್ನು ಇನ್ನೊಂದು ಬೆಂಗಳೂರಿನ ಸಂಗತಿಯು ತೋರಿಸುತ್ತದೆ. 2017ರಲ್ಲಿ ಇನ್ಫೋಸಿಸ್ ಸಂಸ್ಥೆಯು ತನ್ನ ಅಂದಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಪ್ರವೀಣ ರಾಯರ ಸಂಬಳವನ್ನು ಹೆಚ್ಚಿಸಲು ಷೇರುದಾರರ ಒಪ್ಪಿಗೆಯನ್ನು ಅಂಚೆಯ ಮತದ ಮೂಲಕ ಕೇಳಿತು. ಬಿದ್ದ ಮತಗಳಲ್ಲಿ ಪರವಾದುವು ಶೇಕಡ ಸುಮಾರು 67. ಸಂಸ್ಥಾಪಕರಾದ ನಾರಾಯಣಮೂರ್ತಿಯವರು, ನೌಕರರಿಗೆ ಅಲ್ಪ ಏರಿಕೆಯನ್ನು ಕೊಟ್ಟು ಮೇಲಿನವರಿಗೆ ಇಷ್ಟು ಕೊಡುವುದು ಸಲ್ಲದೆಂದು ಬಹಿರಂಗವಾಗಿ ಬರೆದರು. ಸ್ಥಾಪಕರ ಗುಂಪಿನ ಬಹುಪಾಲು ಷೇರುಗಳು ಮತದಲ್ಲಿ ಭಾಗವಹಿಸಲೇ ಇಲ್ಲವೆಂದು ಆಗ ವರದಿಯಾಯಿತು. ಸಂಬಳದ ಮಾತು ಅಲ್ಲಿ ಸಾಮಾನ್ಯ ನಿರ್ಣಯವಾಗಿದ್ದುದರಿಂದ 67 ಧಾರಾಳವಾಗಿ ಸಾಕಾಯಿತು. ಇದೇ ಮತಗಳು ಒಂದು ವಿಶೇಷ ನಿರ್ಣಯದ ಮೇಲೆ ಬಿದ್ದಿದ್ದರೆ, 33ರ ವಿರೋಧಕ್ಕೆ 99 ಬೇಕಾಗಿ, ನಿರ್ಣಯವು ನೆಲಕಚ್ಚುತ್ತಿತ್ತು. ಮೂರರಲ್ಲೊಂದು ಪಾಲಿನ ಅಸಮಾಧಾನವು ಒಂದು ಕಡೆ ಬರಿಯ ನಿಟ್ಟುಸಿರಾಗಿ, ಇನ್ನೊಂದು ಕಡೆ ಬಾಗಿಲಿನ ಅಗಣಿಯಾಗಿ ಪರಿಣಮಿಸುವುದು ಹೀಗೆ.

ದೊಡ್ಡ ಕಂಪೆನಿಗಳ ಮಾತು ಇಷ್ಟು ಸಾಕು. ನಮ್ಮ ಸುತ್ತಣ ಅವಿಭಕ್ತ ಕುಟುಂಬದ ಕಂಪೆನಿಗಳಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಒಂದು ಗಿರಣಿ, ಹತ್ತು ಸಾವಿರ ಷೇರುಗಳು, ಏಳು ಮಂದಿ ಸದಸ್ಯರು. ಅಣ್ಣನಿಗೆ 5,200, ತಮ್ಮನಿಗೆ 2,000, ತಂಗಿಗೆ 1,000, ನಾಲ್ವರು ದಾಯಾದಿಗಳಿಗೆ ತಲಾ 450. ಅಣ್ಣನು ಒಳನಿಯಮಾವಳಿಯನ್ನು ತಿದ್ದಿ, ಷೇರು ಮಾರುವವನು ಮೊದಲು ಮನೆಯವರಿಗೆ ಕೊಡಬೇಕೆಂಬ ನಿಯಮವನ್ನು ತೆಗೆಯಬೇಕೆನ್ನುತ್ತಾನೆ. ನಾಲ್ವರು ದಾಯಾದಿಗಳೂ ಅವನ ಕಡೆ. ಇವರ ಒಟ್ಟು ಮತ 7,000. ತಮ್ಮನು ಒಬ್ಬನೇ ವಿರೋಧಿಸಿದರೆ ಅವನ 2,000ದ ಮೂರರಷ್ಟು 6,000, ನಿರ್ಣಯವು ಗೆದ್ದಿತು. ಹತ್ತರಲ್ಲಿ ಒಂದೇ ಪಾಲುಳ್ಳ ತಂಗಿಯೂ ಬಂದು ತಮ್ಮನ ಜೊತೆಗೆ ಕೈಯೆತ್ತಿದರೆ ವಿರೋಧವು 3,000, ಬೇಕಾದುದು 9,000. ಅಷ್ಟು ಮತಗಳು ಅಣ್ಣನ ಕಡೆ ಇಲ್ಲವೇ ಇಲ್ಲ. ಅತ್ತೆಯ ಮನೆಯಲ್ಲಿ ಹಬ್ಬವೆಂದು ಆಕೆಯು ಬಾರದಿದ್ದರೆ ನಿಯಮಾವಳಿಯು ಬದಲಾಗುತ್ತದೆ, ಬಂದರೆ ಉಳಿಯುತ್ತದೆ. ಬರಲಾಗದಿದ್ದರೆ ಪ್ರತಿನಿಧಿಯೊಬ್ಬನನ್ನು ನೇಮಿಸಿ ಕಳುಹಿಸಬಹುದು. ಆದರೆ ಆ ಪತ್ರವು ಸಭೆಗೆ 48 ಗಂಟೆಗಳ ಮುನ್ನವೇ ಕಂಪೆನಿಗೆ ತಲಪಿರಬೇಕು. ಮತ್ತು ಪ್ರತಿನಿಧಿಯು ಕೈಯೆತ್ತುವ ಮತದಲ್ಲಿ ಭಾಗವಹಿಸಲಾರ, ಷೇರುಗಳ ಲೆಕ್ಕದ ಮತದಲ್ಲಿ ಮಾತ್ರ ಭಾಗವಹಿಸಬಲ್ಲ.

ಈ ಎರಡು ಬಗೆಯ ಎಣಿಕೆಯ ಭೇದವು ತಿಳಿದಿರಬೇಕು. ಕೈಯೆತ್ತಿದಾಗ ಒಬ್ಬನಿಗೆ ಒಂದೇ ಮತ, ಅವನ ಷೇರುಗಳೆಷ್ಟಾದರೂ ಸರಿ. ಅದೇ ಗಿರಣಿಯಲ್ಲಿ ಸಾಮಾನ್ಯ ನಿರ್ಣಯವೊಂದಕ್ಕೆ ಅಣ್ಣನು ಒಂಟಿಯಾಗಿ, ಉಳಿದ ಆರು ಮಂದಿ ಒಂದಾಗಿ ನಿಂತರೆಂದಿಟ್ಟುಕೊಳ್ಳೋಣ. ಕೈಯೆಣಿಸಿದರೆ ಆರಕ್ಕೆ ಒಂದು, ಅಣ್ಣನು ಸೋತ. ಅವನು ಕೂಡಲೆ ಷೇರುಗಳ ಲೆಕ್ಕವನ್ನು ಕೇಳಿದರೆ 5,200ಕ್ಕೆ 4,800, ಅವನು ಗೆದ್ದ. ಹತ್ತನೆಯ ಒಂದು ಪಾಲಿನ ಮತಬಲವುಳ್ಳ ಸದಸ್ಯರು ಕೇಳಿದರೆ ಅಧ್ಯಕ್ಷನು ಈ ಎಣಿಕೆಗೆ ಒಪ್ಪಲೇಬೇಕೆಂದು ಶಾಸನದ ಸಾಮಾನ್ಯ ವಿಧಿ; ಖಾಸಗಿ ಕಂಪೆನಿಯ ನಿಯಮಾವಳಿಯು ಬೇರೆ ಹೇಳಿದ್ದರೆ ಅದನ್ನು ನೋಡಬೇಕು. ಅಧ್ಯಕ್ಷನು ಫಲಿತಾಂಶವನ್ನು ಸಾರಿ ನಡವಳಿಯ ಪುಸ್ತಕದಲ್ಲಿ ಬರೆಯಿಸಿದ ಮೇಲೆ ಗೊಣಗಿದರೆ ಫಲವಿಲ್ಲ.

ಇನ್ನು ನಮ್ಮವರು ಹೆಚ್ಚಾಗಿ ಮೋಸಹೋಗುವ ಸ್ಥಳವೊಂದಿದೆ. ಕಂಪೆನಿಯ ಇಡೀ ಉದ್ಯಮವನ್ನು ಮಾರಬೇಕಾದರೆ, ಬಂಡವಾಳ ಮತ್ತು ಕಾದಿಟ್ಟ ನಿಧಿಗಳನ್ನು ಮೀರಿ ಸಾಲವೆತ್ತಬೇಕಾದರೆ, 180ನೆಯ ಕಲಮಿನಂತೆ ವಿಶೇಷ ನಿರ್ಣಯ ಬೇಕೆಂದು ಕೇಳಿದವರು, ತಮ್ಮ ಗಿರಣಿಗೂ ಈ ರಕ್ಷಣೆಯುಂಟೆಂದು ನಂಬಿರುತ್ತಾರೆ. ಆದರೆ 2015ರ ಜೂನಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಪ್ರಕಟಣೆಯು ಖಾಸಗಿ ಕಂಪೆನಿಗಳನ್ನು ಈ ಕಲಮಿನಿಂದ ಹೊರಗಿಟ್ಟಿದೆ; ವಾರ್ಷಿಕ ಲೆಕ್ಕಪತ್ರಗಳನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಿದ್ದರೆ ಮಾತ್ರವೆಂಬ ಷರತ್ತು ಆಮೇಲೆ ಸೇರಿತು. ಸಂಬಂಧವುಳ್ಳ ಸದಸ್ಯನು ಮತ ಹಾಕಬಾರದೆಂಬ ಕಟ್ಟೂ ಖಾಸಗಿ ಕಂಪೆನಿಗಳಿಗಿಲ್ಲ. ಆದುದರಿಂದ ಮೇಲಿನ ಲೆಕ್ಕದ ತಂಗಿಯು ಮನೆಯ ಹೆಸರನ್ನು ಬದಲಾಯಿಸುವುದನ್ನು ತಡೆಯಬಲ್ಲಳು, ಗಿರಣಿಯನ್ನೇ ಮಾರುವುದನ್ನು ತಡೆಯಲಾರಳು! ಡೈರೆಕ್ಟರುಗಳನ್ನು ಆರಿಸುವುದು ಅರ್ಧದವನ ಕೈಯಲ್ಲಿ. ಮಾರುವುದು ಆ ಡೈರೆಕ್ಟರುಗಳ ಕೈಯಲ್ಲಿ.

ಇದಕ್ಕೆ ಮದ್ದು ಶಾಸನದಲ್ಲಿಯೇ ಇದೆ, ಆದರೆ ಅದನ್ನು ಮೊದಲೇ ಸೇವಿಸಬೇಕು. ಇಂತಿಂಥ ನಿಯಮವನ್ನು ಬದಲಾಯಿಸಲು ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಕು, ಅಥವಾ ಎಲ್ಲರ ಒಪ್ಪಿಗೆಯೂ ಬೇಕು, ಎಂದು ಒಳನಿಯಮಾವಳಿಯಲ್ಲಿ ಬರೆದುಕೊಳ್ಳಲು 5ನೆಯ ಕಲಮು ಅವಕಾಶ ಕೊಟ್ಟಿದೆ. ಕಂಪೆನಿಯು ಹುಟ್ಟುವಾಗಲೇ ಬರೆಯಬಹುದು. ಆಮೇಲೆ ಸೇರಿಸಬೇಕಾದರೆ ಖಾಸಗಿ ಕಂಪೆನಿಯ ಸದಸ್ಯರೆಲ್ಲರೂ ಒಪ್ಪಬೇಕು. ಅಣ್ಣತಮ್ಮಂದಿರ ನಡುವೆ ಪ್ರೀತಿಯಿರುವಾಗ ಈ ಸಾಲನ್ನು ಬರೆಯಿಸುವುದು ಅಪನಂಬಿಕೆಯೆನಿಸುತ್ತದೆ. ಪ್ರೀತಿ ಹೋದ ಮೇಲೆ ಯಾರೂ ಬರೆಯಲು ಒಪ್ಪುವುದಿಲ್ಲ. ನಮ್ಮ ನಾಡಿನ ಲೆಕ್ಕಿಗರು ಅಚ್ಚುಹಾಕಿದ ನಮೂನೆಯ ನಿಯಮಾವಳಿಯನ್ನೇ ಎಲ್ಲ ಕಂಪೆನಿಗಳಿಗೂ ತಗುಲಿಸುವ ಅಭ್ಯಾಸವನ್ನು ಬಿಟ್ಟು, ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳುವುದು ಒಳ್ಳೆಯದು.

ತಿಳಿವಳಿಕೆ ಪತ್ರವು ಕೈಗೆ ಬಂದಾಗ ನೋಡಬೇಕಾದುದನ್ನು ಹೇಳಿ ಮುಗಿಸುತ್ತೇವೆ. ಸಭೆಗೆ 21 ಪೂರ್ಣ ದಿನಗಳ ಮುನ್ನ ಅದು ಹೊರಟಿರಬೇಕು. ವಿಶೇಷ ನಿರ್ಣಯವಾಗಿ ಮಂಡಿಸುವ ಉದ್ದೇಶವನ್ನು ಅದರಲ್ಲಿಯೇ ಸ್ಪಷ್ಟವಾಗಿ ಹೇಳಿರಬೇಕು. ಹೇಳದಿದ್ದರೆ ನೂರಕ್ಕೆ ನೂರು ಮತ ಬಿದ್ದರೂ ಅದು ವಿಶೇಷ ನಿರ್ಣಯವಾಗದು. ಅಂಗೀಕೃತವಾದ ವಿಶೇಷ ನಿರ್ಣಯದ ಪ್ರತಿಯನ್ನು 30 ದಿನಗಳೊಳಗೆ ಕಂಪೆನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕಾದುದರಿಂದ, ಅಂಥ ನಿರ್ಣಯವು ಆಯಿತೇ ಇಲ್ಲವೇ ಎಂಬ ಸಂದೇಹವಿದ್ದವರು ಅಲ್ಲಿಯ ದಾಖಲೆಯನ್ನು ಸ್ವಲ್ಪ ಶುಲ್ಕ ಕೊಟ್ಟು ನೋಡಬಹುದು. ಪಟ್ಟಿಯಲ್ಲಿರುವ ಕಂಪೆನಿಗಳ ಮತವು ಈಗ ಬಹುಮಟ್ಟಿಗೆ ಯಂತ್ರದ ಮೂಲಕವೇ ನಡೆಯುತ್ತದೆ. ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ ಐದು ಗಂಟೆಗೆ ಮುಚ್ಚುತ್ತದೆ. ಸಭೆಯ ದಿನ ಬೆಳಿಗ್ಗೆ ಪತ್ರವನ್ನು ಬಿಚ್ಚಿದವರಿಗೆ ಮನೆಯಿಂದ ಮತ ಹಾಕುವ ಆ ಅವಕಾಶವು ಕಳೆದಿರುತ್ತದೆ. ಸಭೆಗೇ ಹಾಜರಾಗಿ ಮತ ಹಾಕುವುದೊಂದೇ ಉಳಿದ ದಾರಿ.